ಮೀನಖಂಡ ಹರಿದಿದೆ ಅಂತ ಗೊತ್ತಿದ್ದೇ ನಾನು ಮೋಸ ಹೋದೆ

ಭಾನುವಾರ ಬೆಳಿಗ್ಗೆ ಶಟಲ್ ಆಡುತ್ತಿದ್ದೆ. ವಯಸ್ಸು 44, ವಾರಕ್ಕೊಮ್ಮೆ ಆಡುವವನು, ವಾರ್ಮಪ್ ಗೀರ್ಮಪ್ ಏನೂ ಇಲ್ಲ. ಎದುರಿನವರು ನೆಟ್ ಪಕ್ಕದಲ್ಲೇ ಡ್ರಾಪ್ ಹಾಕಿದರು, ಹಿಂದಿದ್ದ ಎಡಗಾಲನ್ನು ನೆಲಕ್ಕೆ ಒತ್ತಿ ಮುಂದಕ್ಕೆ ಚಿಮ್ಮಿದೆ, ಟಪ್ ಅಂತ ಸದ್ದು. ಯಾರೋ ಹಿಂದಿನಿಂದ ರಾಕೆಟ್ಟಲ್ಲಿ ಬಾರಿಸಿದರು ಅಂತ ಸಿಟ್ಟಲ್ಲಿ ತಿರುಗಿದೆ. ಹಿಂದೆ ಯಾರೂ ಇಲ್ಲ.

ಮಂಡಿ ನೆಟ್ಟಗಿದ್ದು ಸ್ನಾಯು ಪೂರ್ತಿ ಎಳೆದುಕೊಂಡಿರುವಾಗಲೇ ಜೋರಾಗಿ ಚಿಮ್ಮಿದರೆ, ಮೀನಖಂಡದ ಒಳಬದಿಯಲ್ಲಿ ಮಾಂಸ ಮುಗಿದು ನರದಂಥ ಗಟ್ಟಿ ಪಟ್ಟಿ ಶುರುವಾಗುವ ಜಾಗ ಹರಿಯುತ್ತದಂತೆ. ಡಾಕ್ಟರು ಇದಕ್ಕೆ ಟೆನಿಸ್ ಲೆಗ್ ಅನ್ನುತ್ತಾರೆ, ಟೆನಿಸ್ ಆಡದವರಿಗೂ.

ಮೊದಲ ತಪ್ಪು, ಮನೆಗೆ ಬಂದು ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿಸಿಕೊಂಡೆ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಇನ್ನೂ ಸೋರುತ್ತದೆ. ಸಂಜೆಗೆ ಕಾಲು ಕುಂಬಳಕಾಯಿ. ನಾಲ್ಕನೇ ದಿನ ಪಾದದ ಗಂಟಿನ ಹತ್ತಿರ ನೀಲಿ ಬಂತು. ಅಯ್ಯೋ ಅಂದೆ, ಆದರೆ ಅದು ಮೇಲಿನ ರಕ್ತವೇ ಕೆಳಗಿಳಿದದ್ದು, ಹೆದರುವಂಥದ್ದಲ್ಲ ಅಂದರು ಡಾಕ್ಟರು.

ನಿಜವಾದ ಎಡವಟ್ಟು ಆಮೇಲೆ. ನೋವಿಗೆ ಹೆದರಿ ಕಾಲು ಅಲ್ಲಾಡಿಸದೆ ಸೋಫಾ ಮೇಲೆ ಬಿದ್ದುಕೊಂಡಿದ್ದೆ. ಊತ ಇಳಿಯುತ್ತಾ ಬಂದಿತ್ತು. ಹತ್ತನೇ ದಿನ ಮತ್ತೆ ಏರತೊಡಗಿತು. ಈ ಸಲ ಸದ್ದಿಲ್ಲ, ಜರ್ಕ್ ಇಲ್ಲ, ಬೆರಳಿಟ್ಟು ಇಲ್ಲೇ ಅಂತ ತೋರಿಸುವಂಥ ನೋವೂ ಇಲ್ಲ. ಮಂಡಿಯಿಂದ ಕೆಳಗೆ ಇಡೀ ಕಾಲು ಭಾರ, ಮುಟ್ಟಿದರೆ ಇನ್ನೊಂದು ಕಾಲಿಗಿಂತ ಬಿಸಿ, ಮುಂಗಾಲಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಹರಿದ ಕಾಲಲ್ವಾ, ಊದುತ್ತೆ ಅಂತ ಎರಡು ದಿನ ಸುಮ್ನೆ ಕೂತೆ.

ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕಾಲು ಆಡಿಸದೆ ಮಲಗಿದರೆ ರಕ್ತ ನಿಧಾನ ಆಗಿ ಹೀಗಾಗಬಹುದು. ಅಂದರೆ ಒಂದು ಬಂದರೆ ಇನ್ನೊಂದು ಬರಲ್ಲ ಅಂತಲ್ಲ, ಮೊದಲನೆಯದೇ ಎರಡನೆಯದಕ್ಕೆ ದಾರಿ ಮಾಡಿತ್ತು. ಹೆಪ್ಪು ಇದೆಯಾ ಅಂತ ನೋಡೋಕೆ ಮಾಡುವ ಡಿ-ಡೈಮರ್ ಅನ್ನೋ ರಕ್ತ ಪರೀಕ್ಷೆ ಒಂದನ್ನೇ ನಂಬಬೇಡಿ, ಸ್ನಾಯು ಹರಿದು ಒಳಗೆ ರಕ್ತ ಕಟ್ಟಿದ್ದರೂ ಅದು ಜಾಸ್ತಿ ತೋರಿಸಬಹುದು. ಸ್ಕ್ಯಾನ್ ಇಲ್ಲದೆ ಹೆಪ್ಪು ಅಂತ ಊಹೆ ಮಾಡಿ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರೂ ಅಪಾಯವೇ, ಬರೀ ಹರಿದ ಸ್ನಾಯು ಆಗಿದ್ದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ.

ಜೊತೆಗೆ ಉಸಿರು ಕಟ್ಟಿದ ಹಾಗೆ ಆದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಸ್ಕ್ಯಾನ್ ಅಪಾಯಿಂಟ್‌ಮೆಂಟ್ ಅಂತೆಲ್ಲ ಕಾಯದೆ ಸೀದಾ ಎಮರ್ಜೆನ್ಸಿಗೆ ಹೋಗಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ನನಗೆ ಅಷ್ಟು ದೂರ ಹೋಗಲಿಲ್ಲ. ಮೂರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ, ಅಷ್ಟೂ ದಿನ ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಮುಟ್ಟುವಂತಿರಲಿಲ್ಲ.