ಬಾಯಿ ನೋಡಿ, ಕೀಲು ನೋಡಿ: ನಾಲ್ಕು ಪ್ಲೇಯರ್‌ಗಳ ಹೋಲಿಕೆ

ಹಿಡಿ ನೋಡಿದರೆ ಎಲ್ಲಾ ಪ್ಲೇಯರ್‌ಗಳೂ ಒಂದೇ ಥರ ಕಾಣುತ್ತವೆ. ನೋಡಬೇಕಾದ್ದು ಬಾಯಿಯ ಆಕಾರ, ಮತ್ತು ಎರಡು ಕಾಲು ಸೇರುವ ಕೀಲು. ನನ್ನ ಪೆಟ್ಟಿಗೆಯಲ್ಲಿರುವ ನಾಲ್ಕನ್ನೂ ಮೂರು ಕೆಲಸಕ್ಕೆ ಹಚ್ಚಿ ನೋಡಿದೆ: ಸ್ವಿಚ್ ಬೋರ್ಡಿನ ತಾಮ್ರದ ವೈರ್, ಬೇಲಿಯ ಜಿಐ ತಂತಿ, ಮೂಲೆ ಸವೆದ ಒಂದು ನಟ್.

ಮೊದಲು ಕಾಂಬಿನೇಶನ್. ನಮ್ಮ ಅಂಗಡಿಗಳಲ್ಲಿ ‘ಕಟಿಂಗ್ ಪ್ಲೇಯರ್’ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಇದನ್ನೇ. ಬಾಯಿ ತೆರೆದರೆ ಮೂರು ಭಾಗ ಕಾಣುತ್ತದೆ. ತುದಿಯಲ್ಲಿ ಸಣ್ಣ ಗೀರುಗಳಿರುವ ಚಪ್ಪಟೆ ಜಾಗ, ಅದರ ಹಿಂದೆ ದಪ್ಪ ಹಲ್ಲಿನ ಮೊಟ್ಟೆಯಾಕಾರದ ಗುಳಿ, ಕೀಲಿಗೆ ಅಂಟಿಕೊಂಡಂತೆ ಕತ್ತರಿಸುವ ಅಲಗು. ಅಲಗು ಅಷ್ಟು ಹಿಂದೆ ಇರುವುದು ಸುಮ್ನೆ ಅಲ್ಲ. ಕೀಲಿನಿಂದ 120 ಮಿ.ಮೀ. ದೂರದಲ್ಲಿ ನೀವು ಅದುಮುತ್ತೀರಿ ಅಂದುಕೊಳ್ಳಿ. ಅಲಗು 15 ಮಿ.ಮೀ. ದೂರದಲ್ಲಿದ್ದರೆ ಅಲ್ಲಿ ಬಲ 8 ಪಟ್ಟು ಆಗುತ್ತದೆ. 40 ಮಿ.ಮೀ. ದೂರದ ತುದಿಯಲ್ಲಿ ಬರೀ 3 ಪಟ್ಟು. ಅದಕ್ಕೇ ಜಿಐ ತಂತಿಯನ್ನು ಕೀಲಿನ ಹತ್ತಿರಕ್ಕೆ ತಳ್ಳಿ ಅದುಮಿದಾಗ ಟಕ್ ಅಂತ ತುಂಡಾಯಿತು. ನಟ್ ವಿಷಯದಲ್ಲಿ ಮಾತ್ರ ಸೋತಿತು. ಹಿಡಿತ ಪೂರ್ತಿ ಕೈಬಲದ ಮೇಲೆ ನಿಂತಿರುವುದರಿಂದ ತಿರುಗಿಸುವಾಗ ಜಾರುತ್ತಲೇ ಇತ್ತು.

ಇದರ ಕೀಲು ಒಂದೇ ದಪ್ಪ ರಿವೆಟ್. ಎರಡೂ ಕಾಲುಗಳನ್ನು ಅಲ್ಲಿ ಅರ್ಧರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಕೂರಿಸಿರುತ್ತಾರೆ. ಕೊಳ್ಳುವಾಗ ಬಾಯಿ ಅರ್ಧ ತೆರೆದು ಎರಡು ಕಾಲನ್ನೂ ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಅಲಗುಗಳು ಎದುರುಬದುರು ಕೂರುವುದಿಲ್ಲ, ವೈರ್ ಕತ್ತರಿಸದೆ ಚಪ್ಪಟೆಯಾಗುತ್ತದೆ. ಇದೇ ಥರ ಕಾಣುವ ಇನ್ನೊಂದಿದೆ, ಸ್ಲಿಪ್ ಜಾಯಿಂಟ್. ಅದರ ಪಿನ್ ಎರಡು ತೂತು ಸೇರಿದಂಥ ಸಂದಿನಲ್ಲಿ ಜಾರಿ, ಬಾಯಿ ಇನ್ನಷ್ಟು ಅಗಲ ತೆರೆಯುತ್ತದೆ. ಅಲ್ಲಿ ಸ್ವಲ್ಪ ಸಡಿಲ ಇರುವುದೇ ಸಹಜ.

ನೋಸ್ ಪ್ಲೇಯರ್ ಗುರುತಿಸೋದು ಸುಲಭ, ಉದ್ದ ಮೂಗು. ಆದರೆ ಮೂಗಿನ ಹೊರಮೈ ಮುಟ್ಟಿ ನೋಡಿ. ಒಳಗೆ ಚಪ್ಪಟೆ, ಹೊರಗೆ ದುಂಡು, ತುದಿಗೆ ಹೋದಂತೆ ಸಣ್ಣ. ವೈರಿನ ಎಳೆಗಳನ್ನು ಹೊಸೆದು, ತುದಿ ಹಿಡಿದು ಸುತ್ತಿದರೆ ಸ್ಕ್ರೂಗೆ ಸರಿಹೊಂದುವ ಬಳೆ ಆಗುತ್ತದೆ. ದೊಡ್ಡ ಬಳೆ ಬೇಕೆಂದರೆ ಕೀಲಿನ ಕಡೆಗೆ ಸರಿಸಿ ಸುತ್ತಿ. ಈ ಕೆಲಸ ಕಾಂಬಿನೇಶನ್‌ನಲ್ಲಿ ಚೌಕಚೌಕವಾಗಿ ಬಂತು. ಮೂಗಿನಲ್ಲಿ ನಟ್ ತಿರುಗಿಸಲು ಮಾತ್ರ ಹೋಗಬೇಡಿ. ತೆಳು ತುದಿ ಅಡ್ಡಕ್ಕೆ ತಿರುಚಿಕೊಂಡು ಒಂದರ ಪಕ್ಕಕ್ಕೊಂದು ಜಾರುತ್ತದೆ, ಆಮೇಲೆ ಸಣ್ಣ ಎಳೆ ಹಿಡಿಯೋಕೆ ಬರಲ್ಲ.

ಸೈಡ್ ಕಟ್ಟರ್‌ಗೆ ಹಿಡಿಯುವ ಜಾಗವೇ ಇಲ್ಲ. ಕೀಲಿನಿಂದ ತುದಿಯವರೆಗೆ ಬರೀ ಅಲಗು. ಕತ್ತರಿಯ ಅಲಗು ಒಂದನ್ನೊಂದು ದಾಟುತ್ತದೆ ಅಲ್ವಾ, ಇಲ್ಲಿ ದಾಟುವುದಿಲ್ಲ, ಅಂಚಿಗೆ ಅಂಚು ಕೂರುತ್ತದೆ. ಒಂದು ಮಗ್ಗುಲು ಹೆಚ್ಚು ಚಪ್ಪಟೆ. ಅದನ್ನು ಉಳಿಸಿಕೊಳ್ಳುವ ತುಂಡಿನ ಕಡೆ ಇಟ್ಟರೆ ಚೂಪು ತುದಿ ಉಳಿಯುವುದು ಕಮ್ಮಿ. ತಾಮ್ರಕ್ಕೆ ಇದರಷ್ಟು ನಯವಾದದ್ದು ಬೇರೆ ಇಲ್ಲ. ಗಟ್ಟಿ ಸ್ಪ್ರಿಂಗ್ ತಂತಿಯನ್ನೋ ಬ್ರೇಕ್ ಕೇಬಲ್ಲನ್ನೋ ಕೊಟ್ಟರೆ ಅಂಚಿನಲ್ಲಿ ಕುಳಿ ಬೀಳುತ್ತದೆ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಚುಕ್ಕಿಯಂತೆ ಬೆಳಕು ತೂರಿದ ಕಡೆ ತೆಳು ಎಳೆಗಳು ಕತ್ತರಿಸದೇ ಉಳಿಯುತ್ತವೆ.

ಲಾಕಿಂಗ್ ಪ್ಲೇಯರ್‌ನ ಗುರುತು ಕೀಲಿನಲ್ಲೇ ಇದೆ. ಉಳಿದವಕ್ಕೆ ಒಂದು ರಿವೆಟ್, ಇದಕ್ಕೆ ಹಲವು. ಹಿಡಿಯೊಳಗೆ ಒಂದು ಪಟ್ಟಿ, ಒಂದು ಸ್ಪ್ರಿಂಗ್, ಹಿಂದೆ ತಿರುಗಿಸುವ ಸ್ಕ್ರೂ. ಹಿಡಿ ಅದುಮಿದಾಗ ಪಟ್ಟಿಯ ಪಿನ್‌ಗಳು ನೇರ ಗೆರೆಗೆ ಬರುತ್ತವೆ. ಆ ಗೆರೆ ಹತ್ತಿರವಾದಷ್ಟೂ ಬಲ ಏರುತ್ತದೆ, ಗೆರೆ ಸ್ವಲ್ಪ ದಾಟಿದರೆ ಲಾಕ್. ಕೈ ಬಿಟ್ಟರೂ ಹಿಡಿತ ಬಿಡಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿದ್ದ ಕಮ್ಮಾರ ವಿಲಿಯಂ ಪೀಟರ್ಸನ್ 1924ರಲ್ಲಿ ಪೇಟೆಂಟ್ ಪಡೆದದ್ದು ಈ ಲಾಕಿಗೇ.

ಸವೆದ ನಟ್‌ಗೆ ಬಾಗಿದ ಬಾಯಿಯದ್ದು ತೆಗೆದುಕೊಂಡೆ. ಹಿಡಿ ಮುಚ್ಚಿಟ್ಟು, ಬಾಯಿ ನಟ್‌ಗೆ ತಾಗುವವರೆಗೆ ಸ್ಕ್ರೂ ತಿರುಗಿಸಿದೆ. ತೆಗೆದು ಇನ್ನರ್ಧ ಸುತ್ತು ಬಿಗಿ ಮಾಡಿ ಅದುಮಿದಾಗ ಕಟ್ ಅಂತ ಕೂತಿತು. ಒಂದೇ ಎಳೆತಕ್ಕೆ ನಟ್ ಬಿಟ್ಟುಕೊಂಡಿತು, ಆದರೆ ಮೈಮೇಲೆ ಹಲ್ಲಿನ ಗುರುತು ಆಳವಾಗಿ ಬಿದ್ದಿತ್ತು. ಹಾಗಾಗಿ ಒಳ್ಳೆ ನಟ್‌ಗೂ ಹೊಳೆಯುವ ನಲ್ಲಿಗೂ ಇದನ್ನು ಹಚ್ಚಬೇಡಿ. ಅದುಮಲು ಎರಡು ಕೈ ಬೇಕಾದರೆ ಸ್ಕ್ರೂ ಜಾಸ್ತಿ ಬಿಗಿಯಾಗಿದೆ ಎಂದೇ ಅರ್ಥ. ಕಾಲು ಸುತ್ತು ಸಡಿಲಿಸಿ, ಇಲ್ಲದಿದ್ದರೆ ಲಾಕ್ ಬಿಡಿಸುವಾಗ ಬೆರಳು ಸಿಕ್ಕಿಕೊಳ್ಳುತ್ತದೆ.