ಬ್ಲೆಂಡರ್‌ನ ಬೇಕ್ ಮಾರ್ಜಿನ್: ಮೂರು ವರ್ಷಗಳ ಬಳಕೆಯ ನಂತರ

ಬ್ಲೆಂಡರ್‌ನಲ್ಲಿ ಟೆಕ್ಸ್ಚರ್ ಬೇಕ್ ಮಾಡುವಾಗ ಕಾಣುವ `Margin` ಆಯ್ಕೆಯನ್ನು ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಪ್ರತಿಯೊಂದು ಯುವಿ ತುಂಡಿನ ಅಂಚಿನ ಬಣ್ಣವನ್ನು ಸುತ್ತಲಿನ ಖಾಲಿ ಜಾಗಕ್ಕೆ ಹರಡುವುದು ಇದರ ಕೆಲಸ, ಮತ್ತು ಅದನ್ನು ಇದು ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ತಾನಾಗಿಯೇ ಬರುವ 16 ಪಿಕ್ಸೆಲ್ ನಮ್ಮ ಅಟ್ಲಾಸಿಗೆ ಸಾಕೇ ಎಂಬ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಮೊದಲ ವರ್ಷ ನಾನು ಆ ಲೆಕ್ಕವನ್ನು ಹಾಕಿರಲಿಲ್ಲ. 2048 ಪಿಕ್ಸೆಲ್ ಅಗಲದ ಒಂದು ಅಟ್ಲಾಸಿನಲ್ಲಿ ಬಿಳಿ ಕಿಟಕಿ ಚೌಕಟ್ಟಿನ ಪಕ್ಕದಲ್ಲೇ ಕಡುಹಸಿರು ಬಾಗಿಲು ಇತ್ತು. ಹತ್ತಿರದಿಂದ ಎಲ್ಲವೂ ಸರಿಯಾಗಿತ್ತು. ಕ್ಯಾಮೆರಾ ಹಿಂದೆ ಸರಿದಂತೆ ಚೌಕಟ್ಟಿನ ಅಂಚಿನಲ್ಲಿ ಹಸಿರು ಗೆರೆಯೊಂದು ಮೂಡುತ್ತಿತ್ತು. ಮಾರ್ಜಿನ್ 16 ಎಂದೇ ಇದ್ದರೂ, ತುಂಡುಗಳ ನಡುವೆ ನಾನು ಬಿಟ್ಟಿದ್ದ ಜಾಗವೇ ಒಟ್ಟು 16 ಪಿಕ್ಸೆಲ್ ಆಗಿದ್ದರಿಂದ, ಎರಡೂ ಕಡೆಯವು ಹಂಚಿಕೊಂಡು ಒಂದೊಂದಕ್ಕೆ ಎಂಟು ಮಾತ್ರ ದಕ್ಕಿದ್ದವು. ಮಾರ್ಜಿನ್‌ನ ಎರಡರಷ್ಟು ಅಂತರ ಬೇಕೆಂಬುದು ಅಂದಿನಿಂದ ನನ್ನ ನಿಯಮ.

ಮಿಪ್ ಹಂತವೊಂದು ಹೆಚ್ಚಿದಾಗಲೆಲ್ಲ ಚಿತ್ರದ ಅಗಲ ಅರ್ಧವಾಗುವುದರಿಂದ, 16 ಪಿಕ್ಸೆಲ್‌ನ ಅಂಚು ನಾಲ್ಕನೆಯ ಹಂತದಲ್ಲಿ, ಅಂದರೆ ಚಿತ್ರ 128 ಪಿಕ್ಸೆಲ್ ಅಗಲವಾದಾಗ, ಒಂದೇ ಒಂದು ಟೆಕ್ಸೆಲ್ ಆಗಿ ಉಳಿಯುತ್ತದೆ. ಬೈಲೀನಿಯರ್ ಫಿಲ್ಟರ್ ಅಕ್ಕಪಕ್ಕದ ಟೆಕ್ಸೆಲ್‌ಗಳನ್ನೂ ಓದುತ್ತದೆ. ಆದ್ದರಿಂದ ತುಂಡಿನ ಅಂಚು 16ರ ಗುಣಕಗಳ ಮೇಲೆಯೇ ಕುಳಿತಿದ್ದರೆ ಮಾತ್ರ ಆ ಹಂತ ಪೂರ್ತಿ ಸುರಕ್ಷಿತ. ಅಡ್ಡಾದಿಡ್ಡಿಯಾಗಿ ಕುಳಿತಿದ್ದರೆ ಓದು ಒಂದೂವರೆ ಟೆಕ್ಸೆಲ್‌ವರೆಗೆ, ಅಂದರೆ 24 ಪಿಕ್ಸೆಲ್‌ವರೆಗೆ, ಹೊರಗೆ ಹೋಗಬಹುದು. 4096ರ ಅಟ್ಲಾಸಿಗೆ ಅದೇ ರಕ್ಷಣೆ ಬೇಕಾದರೆ ಎಲ್ಲ ಅಳತೆಗಳನ್ನೂ ಇಮ್ಮಡಿಸಬೇಕು.

ಆವೃತ್ತಿ 3.1ರಲ್ಲಿ ಬಂದ `Adjacent Faces` ವಿಧಾನ ಸೀಮಿನ ಆಚೆಗಿರುವ ಮುಖದ ಪಿಕ್ಸೆಲ್‌ಗಳಿಂದಲೇ ಅಂಚನ್ನು ತುಂಬುವುದರಿಂದ, ಬಣ್ಣದ ಮ್ಯಾಪ್‌ಗಳಲ್ಲಿ ಸೀಮು ಕಾಣದಂತೆ ಬೆಸೆದುಕೊಳ್ಳುತ್ತದೆ. ಟ್ಯಾಂಜೆಂಟ್ ಸ್ಪೇಸ್ ನಾರ್ಮಲ್ ಮ್ಯಾಪ್‌ಗಳಿಗೆ ಮಾತ್ರ ನಾನು ಹಳೆಯ `Extend` ಅನ್ನೇ ಆರಿಸುತ್ತೇನೆ: ಆಚೆಯ ತುಂಡು ಯುವಿಯಲ್ಲಿ ಬೇರೆ ದಿಕ್ಕಿಗೆ ತಿರುಗಿರಬಹುದು, ಆಗ ಅಲ್ಲಿಂದ ತಂದ ನಾರ್ಮಲ್‌ಗೆ ಇಲ್ಲಿ ಅರ್ಥವಿರುವುದಿಲ್ಲ.

ಪರೀಕ್ಷೆಗೆ ಅಟ್ಲಾಸಿನ ಉಳಿದ ಖಾಲಿ ಜಾಗಕ್ಕೆ ಕಣ್ಣು ಕುಕ್ಕುವ ಮೆಜೆಂಟಾ ಬಳಿದು, ಮಾದರಿಯನ್ನು ಎಂಜಿನ್‌ನಲ್ಲಿ ನಿಧಾನವಾಗಿ ದೂರ ಸರಿಸುತ್ತೇನೆ. ಮೆಜೆಂಟಾ ಇಣುಕಿದ ದೂರವೇ ಮಾರ್ಜಿನ್ ಮುಗಿದ ದೂರ. ಐದನೆಯ ಹಂತದಿಂದಾಚೆಗೆ 16 ಪಿಕ್ಸೆಲ್ ಯಾವ ರೀತಿಯಲ್ಲೂ ಸಾಲದು, ಕೊನೆಯ ಒಂದು ಪಿಕ್ಸೆಲ್‌ನ ಹಂತದಲ್ಲಂತೂ ಇಡೀ ಅಟ್ಲಾಸ್ ಕಲಸಿಹೋಗಿರುತ್ತದೆ. ಮಿಪ್ ಹಂತಗಳನ್ನೇ ಮೊಟಕುಗೊಳಿಸಿದರೆ ದೂರದ ವಸ್ತುಗಳು ಮಿಣುಕತೊಡಗುತ್ತವೆ. ಹೀಗಾಗಿ ಈಗ ಬಿಳಿ ಚೌಕಟ್ಟನ್ನು ಬಿಳಿ ಗೋಡೆಯ ಪಕ್ಕದಲ್ಲೇ ಇಡುತ್ತೇನೆ; ಬಣ್ಣ ಸೋರಿದರೂ ಬಿಳಿಯೇ ಸೋರುತ್ತದೆ.