ಫಿಫೊನಾ, ಆವರೇಜಾ? ಒಂದೇ ಎಣ್ಣೆ ಟಿನ್‌ಗೆ ಮೂರು ಲಾಭ

ನಾನು ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಅಲ್ಲಿನ 2024-25ರ ಸೂರ್ಯಕಾಂತಿ ಎಣ್ಣೆ ಖಾತೆಯನ್ನು, ಉಳಿದ ಮಾಲಿಗೆ ಬೆಲೆ ಕಟ್ಟುವ ಫಿಫೊ ಮತ್ತು ಆವರೇಜ್, ಎರಡೂ ಪದ್ಧತಿಯಲ್ಲಿ ಹಾಕಿ ನೋಡಿದೆ. ಆ ವರ್ಷವನ್ನೇ ಆರಿಸಲು ಕಾರಣವಿದೆ. 2024ರ ಸೆಪ್ಟೆಂಬರ್ ಮಧ್ಯದಲ್ಲಿ ಕೇಂದ್ರ ಸರ್ಕಾರ ಕಚ್ಚಾ ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು. ಟಿನ್ ಬೆಲೆ ಒಮ್ಮೆಲೇ ಮೇಲೆ ಹೋಯಿತು. ಬೆಲೆ ಅಲುಗಾಡದ ವರ್ಷದಲ್ಲಿ ಯಾವ ಪದ್ಧತಿ ಹಿಡಿದರೂ ಲಾಭ ಒಂದೇ ಬರುತ್ತದೆ, ಹೋಲಿಸಲು ಏನೂ ಇರುವುದಿಲ್ಲ.

ಓದಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿ ಕೊಡುತ್ತೇನೆ. ಎಲ್ಲವೂ ಜಿಎಸ್‌ಟಿ ಬಿಟ್ಟ ಬೆಲೆ. ಏಪ್ರಿಲ್‌ನಲ್ಲಿ ಓಪನಿಂಗ್ ಸ್ಟಾಕ್ 100 ಟಿನ್, ತಲಾ 1,700 ರೂಪಾಯಿ. ಆಗಸ್ಟ್‌ನಲ್ಲಿ 1,750ರಂತೆ 200 ಟಿನ್ ಖರೀದಿ. ಇವುಗಳಲ್ಲಿ 280 ಟಿನ್ ಸೆಪ್ಟೆಂಬರ್ ಮುಗಿಯುವ ಮೊದಲೇ 1,850ರಂತೆ ಮಾರಿಹೋದವು. ಅಕ್ಟೋಬರ್‌ನಲ್ಲಿ 2,100ರಂತೆ ಮತ್ತೆ 200 ಟಿನ್ ಬಂದವು. ಆಮೇಲೆ 2,200ರಂತೆ 100 ಟಿನ್ ಮಾರಾಟವಾಯಿತು. ಮಾರ್ಚ್ 31ಕ್ಕೆ ಉಳಿದದ್ದು 120 ಟಿನ್.

ಒಟ್ಟು ಮಾರಾಟ 7,38,000. ಓಪನಿಂಗ್ ಸ್ಟಾಕ್ ಸೇರಿ 500 ಟಿನ್‌ನ ಖರೀದಿ ಬೆಲೆ 9,40,000. ಇಲ್ಲಿಯವರೆಗೆ ಜಗಳವಿಲ್ಲ. ಉಳಿದ 120 ಟಿನ್‌ಗೆ ಎಷ್ಟು ಬೆಲೆ ಕಟ್ಟಬೇಕು ಎನ್ನುವಲ್ಲಿ ದಾರಿ ಬೇರೆಯಾಗುತ್ತದೆ.

ಫಿಫೊದಲ್ಲಿ ಮೊದಲು ಬಂದದ್ದು ಮೊದಲು ಹೋಯಿತು ಎಂದು ಲೆಕ್ಕ. ಹಾಗಾಗಿ ಉಳಿದ ಅಷ್ಟೂ ಟಿನ್ ಅಕ್ಟೋಬರ್‌ನ ಮಾಲು, ತಲಾ 2,100. ಆವರೇಜ್‌ನಲ್ಲಿ 9,40,000 ಅನ್ನು 500ರಿಂದ ಭಾಗಿಸಿದರೆ ತಲಾ 1,880.

ಆದರೆ ಆವರೇಜ್ ಅಂದರೆ ಒಂದೇ ಅಲ್ಲ. ಪ್ರತಿ ಖರೀದಿ ಆದಾಗ, ಆ ಹೊತ್ತಿಗೆ ಅಂಗಡಿಯಲ್ಲಿ ಇರುವ ಮಾಲಿನ ಜೊತೆ ಮಾತ್ರ ಹೊಸದನ್ನು ಸೇರಿಸಿ ಸರಾಸರಿ ತೆಗೆಯುವುದು ಇನ್ನೊಂದು ರೀತಿ. ಇದಕ್ಕೆ ಮೂವಿಂಗ್ ಆವರೇಜ್ ಎನ್ನುತ್ತಾರೆ. ಅಕ್ಟೋಬರ್ ಮಾಲು ಬಂದಾಗ ಹಳೆಯ ಟಿನ್ ಉಳಿದಿದ್ದದ್ದು 20 ಮಾತ್ರ, ಅವುಗಳ ಸರಾಸರಿ 1,733. ಅದಕ್ಕೆ ಹೊಸ 200 ಸೇರಿದಾಗ ಸರಾಸರಿ ಸುಮಾರು 2,067ಕ್ಕೆ ಏರಿತು.

| ಪದ್ಧತಿ | ಕ್ಲೋಸಿಂಗ್ ಸ್ಟಾಕ್ | ಗ್ರಾಸ್ ಪ್ರಾಫಿಟ್ |
|---|---|---|
| ಫಿಫೊ | 2,52,000 | 50,000 |
| ಮೂವಿಂಗ್ ಆವರೇಜ್ | 2,48,000 | 46,000 |
| ವರ್ಷಪೂರ್ತಿ ಆವರೇಜ್ | 2,25,600 | 23,600 |

ಫಿಫೊಗೂ ಮೂವಿಂಗ್ ಆವರೇಜ್‌ಗೂ ಇರುವ ಅಂತರ 4,000 ಮಾತ್ರ. ಎರಡು ಆವರೇಜ್‌ಗಳ ನಡುವಿನ ಅಂತರವೇ 22,400! ವರ್ಷಪೂರ್ತಿ ಆವರೇಜ್ ಮಾಡುವುದೇನೆಂದರೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಾರಿದ ಟಿನ್‌ಗಳ ಮೇಲೂ ಅಕ್ಟೋಬರ್‌ನ ದುಬಾರಿ ಬೆಲೆಯನ್ನು ಹಂಚುತ್ತದೆ. ಆಗ ಆ ಮಾಲು ಅಂಗಡಿಗೆ ಬಂದೇ ಇರಲಿಲ್ಲ ಅಲ್ವಾ? 1,850ಕ್ಕೆ ಮಾರಿದ ಟಿನ್‌ನ ಖರ್ಚು 1,880 ಎಂದು ತೋರಿಸುತ್ತದೆ. ಲಾಭಕ್ಕೆ ಮಾರಿದ ಮಾಲು ಪುಸ್ತಕದಲ್ಲಿ ನಷ್ಟವಾಗಿ ಕಾಣುತ್ತದೆ. ಇದು ನನಗೆ ಒಪ್ಪಿಗೆಯಾಗಲಿಲ್ಲ.

ನಿಮ್ಮ ಸಾಫ್ಟ್‌ವೇರ್ ಯಾವ ಆವರೇಜ್ ಹಾಕುತ್ತಿದೆ ಎಂದು ತಿಳಿಯಲು ಪ್ರಯೋಗಕ್ಕೆ ಒಂದು ಕಂಪನಿ ತೆರೆದು, ಮೇಲಿನ ಎಂಟ್ರಿಗಳನ್ನು ಅದೇ ತಾರೀಖಿನ ಕ್ರಮದಲ್ಲಿ ಹಾಕಿ. ಕ್ಲೋಸಿಂಗ್ 2,25,600 ಬಂದರೆ ವರ್ಷಪೂರ್ತಿಯದು, 2,48,000 ಬಂದರೆ ಮೂವಿಂಗ್.

ಲಾಭ ಕಡಿಮೆ ತೋರಿದರೆ ತೆರಿಗೆ ಉಳಿಯುತ್ತದೆ ಎಂದು ಕೆಲವರು ಆವರೇಜ್ ಹಿಡಿಯುತ್ತಾರೆ. ಉಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಈ ವರ್ಷದ ಕ್ಲೋಸಿಂಗ್ ಮುಂದಿನ ವರ್ಷದ ಓಪನಿಂಗ್. ಆ 120 ಟಿನ್ ಪೂರ್ತಿ ಮಾರಿ ಖಾತೆ ಸೊನ್ನೆಯಾದಾಗ, ವರ್ಷಪೂರ್ತಿ ಆವರೇಜ್ ಫಿಫೊಗಿಂತ ಇಲ್ಲಿ ಕಡಿಮೆ ತೋರಿಸಿದ 26,400 ಅಲ್ಲಿ ಲಾಭವಾಗಿ ಬಂದು ಸೇರುತ್ತದೆ. ಬೆಲೆ ಇಳಿಯುವ ವರ್ಷದಲ್ಲಿ ಫಿಫೊ ಲಾಭವೇ ಸಾಮಾನ್ಯವಾಗಿ ಕಡಿಮೆ. ವರ್ಷಕ್ಕೊಂದು ಪದ್ಧತಿ ಹಿಡಿಯೋಣ ಎಂದರೆ ಅದೂ ಆಗದು. ಲೆಕ್ಕದ ಮಾನದಂಡ ಎಎಸ್ 2, ಆದಾಯ ತೆರಿಗೆಯ ಐಸಿಡಿಎಸ್ 2, ಎರಡೂ ಇಂಥ ಮಾಲಿಗೆ ಫಿಫೊ ಮತ್ತು ಆವರೇಜ್ ಎರಡನ್ನೂ ಒಪ್ಪುತ್ತವೆ. ಆದರೆ ಹಿಡಿದ ಪದ್ಧತಿಯನ್ನು ಸರಿಯಾದ ಕಾರಣವಿಲ್ಲದೆ ಬದಲಿಸುವಂತಿಲ್ಲ.

ಫಿಫೊ ಹಿಡಿದವರು ಮಾರ್ಚ್ 31ರ ಮಾರುಕಟ್ಟೆ ಬೆಲೆಯನ್ನು ನೋಡಲೇಬೇಕು. ಸ್ಟಾಕ್‌ಗೆ ಕಟ್ಟುವ ಬೆಲೆ, ಖರೀದಿ ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಆ ದಿನ ಟಿನ್‌ಗೆ 2,000 ಮಾತ್ರ ಕೈಗೆ ಬರುವಂತಿದ್ದರೆ, ಫಿಫೊ ಮತ್ತು ಮೂವಿಂಗ್ ಎರಡರಲ್ಲೂ ಸ್ಟಾಕ್ 2,40,000ಕ್ಕೆ ಇಳಿಯುತ್ತದೆ, ಲಾಭ ಎರಡರಲ್ಲೂ 38,000 ಆಗುತ್ತದೆ. ವರ್ಷಪೂರ್ತಿ ಆವರೇಜ್‌ನ 1,880ಕ್ಕೆ ಏನೂ ಆಗುವುದಿಲ್ಲ.

ಎಣ್ಣೆ ಟಿನ್‌ಗೆ ನನ್ನ ಓಟು ಫಿಫೊಗೆ. ಟಿನ್ ಮೇಲೆ ತಯಾರಿ ತಿಂಗಳು ಇರುತ್ತದೆ, ಅಂಗಡಿಯಲ್ಲೂ ಹಳೆಯದನ್ನೇ ಮೊದಲು ಎತ್ತಿ ಕೊಡುತ್ತೇವೆ. ಹೊಸ ಮೂಟೆ, ಹಳೆ ಮೂಟೆ ಎನ್ನದೆ ಒಂದೇ ಡ್ರಮ್ಮಿಗೆ ಸುರಿಯುವ ಬೇಳೆ, ಸಕ್ಕರೆಗೆ ಮೂವಿಂಗ್ ಆವರೇಜ್ ಸರಿ.